ಮಶೀನಿಗೂ ಒಂದು ಡಬ್ಬಿ

ಬ್ಯಾಂಕಿನಿಂದ ನಿವೃತ್ತನಾಗಿ ಹದಿನಾಲ್ಕು ವರ್ಷವಾದರೂ ಲೆಕ್ಕ ಕೇಳುವವರು ನನ್ನನ್ನು ಬಿಟ್ಟಿಲ್ಲ. ಹೋದ ತಿಂಗಳು ಪಕ್ಕದ ಹಳ್ಳಿಯ ಮಹಿಳಾ ಸ್ವಸಹಾಯ ಸಂಘದವರು ಮಾತಾಡಲು ಕರೆದಿದ್ದರು. ಹನ್ನೆರಡು ಮಂದಿ ತಮ್ಮ ಉಳಿತಾಯದ ಹಣದಲ್ಲಿ ಒಂದು ಶ್ಯಾವಿಗೆ ಮಶೀನು ಕೊಳ್ಳುವವರಿದ್ದರು. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರುಮಾಡಿತು. ಆಮೇಲೆ ಎಷ್ಟೋ ಸಂಘಗಳ ಪಾಸ್‌ಬುಕ್ಕುಗಳನ್ನು ನನ್ನ ಕೈಯಲ್ಲೇ ಬರೆದಿದ್ದೇನೆ. ಉಳಿತಾಯ, ಸಾಲ ಅವರಿಗೆ ಗೊತ್ತು. ನಾನು ಹೇಳಹೊರಟದ್ದು ಮಶೀನಿನ ಪಾಲಿನ ಮಾತು.

“ಸಂಘದವರೂ ಕಿಲೋಗೆ ಇಷ್ಟು ಅಂತ ರೊಕ್ಕ ಕೊಡಬೇಕು” ಎಂದೆ.

“ನಮ್ಮ ಮಶೀನಿಗೆ ನಾವ್ಯಾಕ್ರೀ ರೊಕ್ಕ ಕೊಡಬೇಕು, ಅಜ್ಜಾರ?” ಎಂದಳು ಒಬ್ಬಾಕೆ. ಎಲ್ಲರೂ ನಕ್ಕರು. ಕೇಳಬೇಕಾದ ಪ್ರಶ್ನೆಯೇ ಅದು.

ತಾಯಿಯ ಜತೆ ಬಂದಿದ್ದ ಐದನೇ ತರಗತಿಯ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟೆ. ಮಶೀನಿನ ಬೆಲೆ 20,000 ರೂಪಾಯಿ, ಐದು ವರ್ಷ ಬಾಳುತ್ತದೆ ಎಂದುಕೊಳ್ಳೋಣ. ಹಾಗಾದರೆ ವರ್ಷಕ್ಕೆ 4,000 ರೂಪಾಯಿಯಷ್ಟು ಅದು ಸವೆಯುತ್ತದೆ. ಬಿ.ಕಾಂ. ಓದುವಾಗ ಇದನ್ನೇ ‘ಸವಕಳಿ’ ಎಂದು ಕಲಿತಿದ್ದೆವು. ರಿಪೇರಿಗೆ ವರ್ಷಕ್ಕೆ 2,000 ಸೇರಿಸಿದರೆ 6,000. ಶ್ಯಾವಿಗೆ ಒಣಗಲು ಬಿಸಿಲು ಬೇಕು, ಆದ್ದರಿಂದ ಕೆಲಸ ಬೇಸಿಗೆಯಲ್ಲಿ ಮಾತ್ರ. ದಿನಕ್ಕೆ 50 ಕಿಲೋದಂತೆ 60 ದಿನ ಒತ್ತಿದರೆ 3,000 ಕಿಲೋ. ಹುಡುಗಿ ಭಾಗಿಸಿ, “ಎರಡು ರೂಪಾಯಿ!” ಎಂದು ಕೂಗಿದಳು.

ಆ ಎರಡು ರೂಪಾಯಿ ಮಶೀನಿನ ಕೂಲಿ. ಅದಕ್ಕೆಂದೇ ಬೇರೆ ಡಬ್ಬಿ, ಬೇರೆ ವಹಿ ಇರಬೇಕು. ಕರೆಂಟಿಗೆ ಒಂದು, ಒತ್ತಿಕೊಡುವಾಕೆಗೆ ನಾಲ್ಕು ಸೇರಿ ಸಂಘದವರಿಗೆ ಏಳು ರೂಪಾಯಿ, ಹೊರಗಿನವರಿಗೆ ಹತ್ತು. ಅಕಾಲ ಮಳೆ ಬಂದು 1,500 ಕಿಲೋ ಮಾತ್ರ ಒತ್ತಿದರೆ ಮಶೀನಿನ ಎರಡು ರೂಪಾಯಿ ನಾಲ್ಕಾಗಬೇಕಾಗುತ್ತದೆ. ಅಂಥ ವರ್ಷ ಹೊರಗಿನವರು ಕೊಟ್ಟ ಹೆಚ್ಚಿನ ಮೂರು ರೂಪಾಯಿ ಕೈಹಿಡಿಯುತ್ತದೆ.

ಇನ್ನು ಜಗಳ. ಯುಗಾದಿಯ ಹಿಂದಿನ ವಾರ ಎಲ್ಲರಿಗೂ ಮಶೀನು ಬೇಕು. ಹನ್ನೆರಡು ಮನೆ, ತಲಾ 10 ಕಿಲೋ ಅಂದರೆ 120 ಕಿಲೋ. ಮೂರನೆಯ ದಿನ ಮಧ್ಯಾಹ್ನದೊಳಗೆ ಮುಗಿದೇಹೋಗುತ್ತದೆ! ಯಾರು ಮೊದಲು ಎಂಬುದಕ್ಕೆ ಚೀಟಿ ಎತ್ತಿದರಾಯಿತು.

ಆದರೆ ಇಂಥ ಮಶೀನು ಕೆಡುವುದು ಜಗಳದಿಂದಲ್ಲ, ಅಚ್ಚಿನಲ್ಲಿ ಬಿಟ್ಟ ಹಿಟ್ಟಿನಿಂದ. ಅದು ಒಣಗಿ ಕಲ್ಲಾಗುತ್ತದೆ. ಮರುದಿನ ಬಂದವರು ಹಾಗೇ ಚಾಲೂ ಮಾಡಿದರೆ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ; ತಕ್ಷಣ ನಿಲ್ಲಿಸದಿದ್ದರೆ ಸುಟ್ಟೇಹೋಗುತ್ತದೆ. ಮೊಳೆಯಿಂದ ಕೆದಕಿದರೆ ತೂತು ದೊಡ್ಡದಾಗಿ ಎಳೆ ಒಂದೊಂದು ಒಂದೊಂದು ದಪ್ಪ ಬರುತ್ತದೆ. ಅಚ್ಚನ್ನು ನೀರಿನಲ್ಲಿ ನೆನೆಸಿ, ಕಡ್ಡಿಯಿಂದ ಬಿಡಿಸಿ, ಒರೆಸಿ ಇಡಬೇಕು. ತೊಳೆದವರ ಸಹಿ ವಹಿಯಲ್ಲಿ ಬೀಳುವವರೆಗೆ ಅವರ ಸರದಿ ಮುಗಿಯಲಿಲ್ಲ ಎಂದೇ ಲೆಕ್ಕ.

“ಸಹಿ ಬಾರದವರು?” ಎಂದಿತು ಮೂಲೆಯಲ್ಲಿದ್ದ ಮುದುಕಿ.

“ಹೆಬ್ಬೆಟ್ಟು ಒತ್ತು ಆಯೀ, ಪಕ್ಕದಾಗ ನಿನ್ನ ಹೆಸರು ನಾ ಬರೀತೀನಿ” ಎಂದಳು ಸೀಮೆಸುಣ್ಣದ ಹುಡುಗಿ.