ಹದದ ದಿನ, ಎರಡು ಫೋನು

ಎರಿ ಹೊಲದ ಲೆಕ್ಕವೇ ಬೇರೆ. ನಮ್ಮ ಅಣ್ಣಿಗೇರಿ, ನವಲಗುಂದದ ಕಡೆ ಒಂದು ದೊಡ್ಡ ಮಳೆ ಬಿದ್ದರೆ ಮೊದಲು ಮಣ್ಣು ಕಾಲಿಗೆ ಅಂಟುತ್ತದೆ, ಆಮೇಲೆ ಹದಕ್ಕೆ ಬರುತ್ತದೆ, ಆಮೇಲೆ ಬಿರಿದು ಕಲ್ಲಾಗುತ್ತದೆ. ನಡುವಿನ ಆ ಕೆಲವೇ ದಿನಗಳಲ್ಲಿ ಊರಿಗೆ ಊರೇ ಟ್ರ್ಯಾಕ್ಟರ್ ಹುಡುಕುತ್ತದೆ. ಒಬ್ಬನೇ ಮಾಲೀಕ ಫೋನಿನಲ್ಲಿ ಇಬ್ಬರಿಗೂ ‘ನಾಳೆ ಮುಂಜಾನೆ ಬರ್ತೇನ್ರಿ’ ಅಂದಿರುತ್ತಾನೆ. ಅದರಲ್ಲೊಬ್ಬರ ಹದ ತಪ್ಪುತ್ತದೆ.

ಈ ಜಗಳವನ್ನೇ ಮೂವರು ಎಂಜಿನಿಯರಿಂಗ್ ಹುಡುಗ ಹುಡುಗಿಯರು ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿಕೊಂಡಿದ್ದರು. ಅಣ್ಣಿಗೇರಿಯ ಒಬ್ಬಳು, ಕುಂದಗೋಳದ ಒಬ್ಬ, ಕಲಘಟಗಿಯ ಒಬ್ಬ. ನಾನು ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಊರಿನ ಮಕ್ಕಳು ವೈವಾಕ್ಕೆ ಮುಂಚೆ ಬಂದು ಕೂರುವುದು ರೂಢಿ. ‘ಅಣ್ಣಾ, ಡೆಮೊ ನಡುವ ನಿಂತ್ರ ಏನ್ ಮಾಡೋದು?’ ಎಂದು ಆ ಹುಡುಗಿ ಕೇಳಿದಳು. ಮನೆಯಲ್ಲಿ ಎಂಜಿನಿಯರಿಂಗ್ ಓದಿದವರಲ್ಲಿ ಅವಳೇ ಮೊದಲಿನವಳು. ನಾಲ್ಕು ವರ್ಷದ ಓದಿಗೆ ಹೊರಗಿನ ಪರೀಕ್ಷಕರ ಮುಂದೆ ಸಿಗುವುದು ಇಪ್ಪತ್ತೇ ನಿಮಿಷ.

ವಿಡಿಯೊ ಮಾಡಿ ಇಟ್ಟುಕೊಂಡರಾಯಿತು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಆದರೆ ಈ ಪ್ರಾಜೆಕ್ಟಿನ ಜೀವ ಇರುವುದು ಒಂದೇ ಕಡೆ: ಎರಡು ಫೋನಿನಿಂದ ಒಂದೇ ಟ್ರ್ಯಾಕ್ಟರನ್ನು ಒಂದೇ ದಿನಕ್ಕೆ ಬುಕ್ ಮಾಡಿದರೆ, ಎರಡನೆಯವರಿಗೆ ‘ಆಗಲೇ ಬುಕ್ ಆಗಿದೆ’ ಎಂದು ಬರಬೇಕು. ಪರೀಕ್ಷಕರು ‘ಎಲ್ಲಿ, ಫೋನ್ ನನಗೆ ಕೊಡ್ರಿ, ನಾನು ಒತ್ತತೇನಿ’ ಅಂದರೆ ವಿಡಿಯೊ ಅಲ್ಲಿಗೆ ಮುಗಿಯಿತು. ಹಾಗಾಗಿ ಬದಲಿ ವ್ಯವಸ್ಥೆ ಹೂಡುವಾಗ ಮೊದಲು ಕೇಳಬೇಕಾದದ್ದು, ಏನು ಕೆಡಬಹುದು ಎಂದಲ್ಲ, ಏನು ಕೆಟ್ಟರೂ ಯಾವುದೊಂದನ್ನು ತೋರಿಸಲೇಬೇಕು ಎಂದು. ನಮ್ಮ ಉತ್ತರ ಆ ಎರಡು ಫೋನು.

ಆಮೇಲೆ ಒಂದು ಪರೀಕ್ಷೆ ಮಾಡಿದೆವು. ಲ್ಯಾಪ್‌ಟಾಪಿನ ವೈಫೈ ಪೂರ್ತಿ ಆಫ್ ಮಾಡಿ, ಅದರೊಳಗಿನ ಪ್ರತಿಯನ್ನೇ ಓಡಿಸಿದೆವು. ಪುಟ ತೆರೆಯಿತು, ಆದರೆ ಬಣ್ಣ ಅಂದ ಏನೂ ಇಲ್ಲ, ಬಟನ್‌ಗಳೆಲ್ಲ ಎಡಕ್ಕೆ ಬಂದು ಸಾಲಾಗಿ ಕೂತಿದ್ದವು. ಅಲಂಕಾರದ ಕಡತಗಳನ್ನು ಪುಟ ಪ್ರತಿ ಸಲ ಇಂಟರ್‌ನೆಟ್ಟಿನಿಂದ ತರುತ್ತಿತ್ತು. ನಕ್ಷೆಯ ಜಾಗದಲ್ಲಿ ಬೂದು ಚೌಕಗಳು. ಲಾಗಿನ್ ಆಗಲು ಒಟಿಪಿ ಎಸ್ಸೆಮ್ಮೆಸ್ಸಿನಲ್ಲಿ ಬರಬೇಕು, ಅದು ಬರುವಂತಿಲ್ಲ. ಹೊರಗಿನವರ ಮೇಲೆ ನಾವು ಎಲ್ಲೆಲ್ಲಿ ಅವಲಂಬಿಸಿದ್ದೇವೆ ಎಂಬ ಪಟ್ಟಿ ಹೀಗೆ ಹತ್ತೇ ನಿಮಿಷದಲ್ಲಿ ತಾನಾಗಿ ತಯಾರಾಯಿತು. ಅಲಂಕಾರದ ಕಡತಗಳನ್ನು ಇಳಿಸಿ ಪ್ರಾಜೆಕ್ಟಿನ ಫೋಲ್ಡರಿಗೇ ಹಾಕಿದರು. ನಕ್ಷೆಯ ಬದಲು ಊರಿನ ಹೆಸರುಗಳ ಪಟ್ಟಿ ಬರುವಂತೆ ಮಾಡಿದರು. ಒಟಿಪಿ ಫೋನಿಗೆ ಹೋಗುವ ಬದಲು ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಮೂಡುವಂತೆ ಒಂದು ಸ್ವಿಚ್ ಇಟ್ಟರು.

ಎರಡನೆಯ ತೊಡಕು ತಾಲೀಮಿನಲ್ಲಿ ಕಂಡಿತು. ಮೊದಲ ಸಲ ಚೆನ್ನಾಗಿ ನಡೆದ ಡೆಮೊ ಎರಡನೇ ಸಲ ಮೊದಲ ಹೆಜ್ಜೆಯಲ್ಲೇ ‘ಆಗಲೇ ಬುಕ್ ಆಗಿದೆ’ ಎಂದಿತು. ಹಿಂದಿನ ತಾಲೀಮಿನ ಬುಕಿಂಗ್ ಡೇಟಾಬೇಸಿನಲ್ಲಿ ಹಾಗೇ ಕೂತಿತ್ತು. ಅದಕ್ಕೆ ಶುದ್ಧವಾದ ಒಂದು ಪ್ರತಿ ಬೇರೆ ಇಟ್ಟುಕೊಂಡು, ಪ್ರತಿ ಸಲ ಶುರುವಿಗೆ ಮುಂಚೆ ಹಳೆಯದರ ಮೇಲೆ ಅದನ್ನು ಬರೆಯುವುದು. ಮೂರು ಸಾಲಿನ ಈ ಕೆಲಸವನ್ನು ಒಂದು ಕಡತದಲ್ಲಿ ಇಟ್ಟರು:

```
set OTP_MODE=console
copy /Y demo_seed.db demo.db
flask run --host=0.0.0.0
```

ಕೊನೆಯ ಸಾಲಿನ `0.0.0.0` ಮುಖ್ಯ. ಅದಿಲ್ಲದಿದ್ದರೆ ಲ್ಯಾಪ್‌ಟಾಪ್ ತನಗೆ ತಾನೇ ಉತ್ತರಿಸುತ್ತದೆ, ಪಕ್ಕದ ಫೋನಿಗೆ ಉತ್ತರಿಸುವುದಿಲ್ಲ. ಫೋನು ಲ್ಯಾಪ್‌ಟಾಪನ್ನು ಮುಟ್ಟಲು ಎರಡೂ ಒಂದೇ ಜಾಲದಲ್ಲಿರಬೇಕು. ಕಾಲೇಜಿನ ವೈಫೈ ಒಂದು ಯಂತ್ರ ಇನ್ನೊಂದನ್ನು ಕಾಣದಂತೆ ಮಾಡಿರಬಹುದು, ಅದನ್ನು ನಂಬುವ ಹಾಗಿಲ್ಲ. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ, ಲ್ಯಾಪ್‌ಟಾಪನ್ನೂ ಎರಡನೇ ಫೋನನ್ನೂ ಅದಕ್ಕೆ ಸೇರಿಸಿದೆವು. ಇಲ್ಲಿ ಡೇಟಾ ಬೇಕಿಲ್ಲ, ಟವರ್ ಸಿಗದಿದ್ದರೂ ಮೂರರ ನಡುವೆ ಮಾತು ನಡೆಯುತ್ತದೆ. ಲ್ಯಾಪ್‌ಟಾಪಿನ ವಿಳಾಸ `ipconfig` ಎಂದು ಟೈಪ್ ಮಾಡಿದರೆ ಸಿಗುತ್ತದೆ, ಅದು ದಿನಕ್ಕೊಂದಾಗಬಹುದು, ಹಾಗಾಗಿ ಅವತ್ತಿನ ಬೆಳಿಗ್ಗೆಯೇ ನೋಡಬೇಕು. ಮೊದಲ ಸಲ ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳುತ್ತದೆ. ಅದನ್ನು ಮನೆಯಲ್ಲೇ ಕೊಟ್ಟು ಮುಗಿಸಿರಬೇಕು. ಕೇಳಿದಾಗ ರದ್ದು ಮಾಡಿದ್ದರೆ ಲ್ಯಾಪ್‌ಟಾಪಿನಲ್ಲಿ ಪುಟ ಬರುತ್ತದೆ, ಫೋನಿನಲ್ಲಿ ಮಾತ್ರ ಸುತ್ತುತ್ತಲೇ ಇರುತ್ತದೆ. ಕಾರಣ ಗುರುತಿಸಲು ಅದೇ ಲಕ್ಷಣ.

ಶುದ್ಧ ಪ್ರತಿಯೊಳಗಿನ ತಾರೀಖುಗಳೂ ಹಳಸುತ್ತವೆ. ಏಪ್ರಿಲಿನಲ್ಲಿ ಬರೆದಿಟ್ಟ ‘ನಾಳಿನ ಬುಕಿಂಗ್’ ಜೂನ್ ಹೊತ್ತಿಗೆ ಹಿಂದಿನದಾಗಿ, ಆ್ಯಪ್ ತಾನೇ ಅದನ್ನು ಬೇಡ ಅನ್ನುತ್ತದೆ. ವೈವಾದ ಹಿಂದಿನ ರಾತ್ರಿ ಆ ಪ್ರತಿಯನ್ನು ಹೊಸದಾಗಿ ತಯಾರಿಸಿದರು.

2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮೊದಲ ಐಫೋನ್ ತೋರಿಸಿದಾಗ ಅದು ಇನ್ನೂ ಅರ್ಧಂಬರ್ಧ ಯಂತ್ರವಾಗಿತ್ತು. ಕೆಡದಂತೆ ನಡೆಯುವ ಒಂದು ಕ್ರಮವನ್ನು ಹುಡುಕಿ, ಅದೇ ಕ್ರಮದಲ್ಲಿ ತೋರಿಸಲಾಯಿತು ಎಂದೂ, ಸಿಗ್ನಲ್ ಎಷ್ಟೇ ಇದ್ದರೂ ಐದು ಗೆರೆ ಕಾಣುವಂತೆ ಮಾಡಿದ್ದರೆಂದೂ ಆ ಎಂಜಿನಿಯರ್‌ಗಳು ಆಮೇಲೆ ಹೇಳಿಕೊಂಡಿದ್ದಾರೆ. ಕ್ರಮ ಗೊತ್ತುಮಾಡಿಕೊಳ್ಳುವುದನ್ನು ಕಲಿಯಬಹುದು, ಆ ಐದು ಗೆರೆಯನ್ನಲ್ಲ. ವೇದಿಕೆಯಲ್ಲಿ ಮಾರುವವನಿಗೂ ಪರೀಕ್ಷೆಗೆ ನಿಂತವಳಿಗೂ ವ್ಯತ್ಯಾಸವಿದೆ. ಹಾಗಾಗಿ ಒಂದು ಕಟ್ಟಳೆ ಮಾಡಿಕೊಂಡರು: ಬದಲಿ ಪ್ರತಿಯಲ್ಲಿ ಓಡುವುದು ಅದೇ ಕೋಡ್ ಆಗಿರಬೇಕು, ಬದಲಾದದ್ದನ್ನು ಬಾಯಿಬಿಟ್ಟು ಹೇಳಬೇಕು. ವಿಡಿಯೊವನ್ನೂ ಮಾಡಿಟ್ಟರು. ಮೂರು ನಿಮಿಷದ್ದು, ದನಿಯಿಲ್ಲದ್ದು, ಲ್ಯಾಪ್‌ಟಾಪಿನಲ್ಲೊಂದು ಪೆನ್‌ಡ್ರೈವಿನಲ್ಲೊಂದು. ಅದು ಲ್ಯಾಪ್‌ಟಾಪೇ ಕೈಕೊಟ್ಟರೆ ಮಾತ್ರ.

ಉಳಿದದ್ದು ಯಾವಾಗ ದಾರಿ ಬದಲಿಸಬೇಕು ಎಂಬುದು. ಮಾತಾಡುವವರಿಗೆ ಸಮಯದ ಅಂದಾಜು ಇರುವುದಿಲ್ಲ, ‘ಈಗ ಬರತೈತ್ರಿ’ ಎನ್ನುತ್ತಲೇ ಐದು ನಿಮಿಷ ಕಳೆಯುತ್ತಾರೆ. ಗಡಿಯಾರವನ್ನು ಕಲಘಟಗಿಯ ಹುಡುಗನಿಗೆ ಒಪ್ಪಿಸಿದರು. ಒಂದು ನಿಮಿಷ ಪುಟ ಬರದಿದ್ದರೆ ಅವನು ಏನೂ ಹೇಳದೆ ಪ್ರೊಜೆಕ್ಟರಿನಲ್ಲಿ ಎರಡನೇ ಕಿಟಕಿ ತೆರೆಯಬೇಕು. ಆ ಕಿಟಕಿ ಮೊದಲೇ ತಯಾರಾಗಿ ಹಿಂದೆ ಕೂತಿರಬೇಕು.

ಅವತ್ತು ಹಾಗೇ ಆಯಿತು. ಬಿಟ್ಟಿಯಾಗಿ ಸಿಗುವ ಸರ್ವರ್ ಒಂದಷ್ಟು ಹೊತ್ತು ಯಾರೂ ಬಳಸದಿದ್ದರೆ ನಿದ್ದೆ ಹೋಗುತ್ತದೆ. ಬೆಳಿಗ್ಗೆ ಎಬ್ಬಿಸಿಟ್ಟಿದ್ದರೂ ಹಿಂದಿನ ತಂಡದ ವೈವಾ ಉದ್ದವಾಗಿ ಅದು ಮತ್ತೆ ಮಲಗಿತ್ತು. ಒಂದು ನಿಮಿಷಕ್ಕೆ ಕಿಟಕಿ ಬದಲಾಯಿತು. ಹುಡುಗಿ ಹೇಳಿದಳು: ‘ಸರ್, ಇದು ಈ ಲ್ಯಾಪ್‌ಟಾಪಿನಲ್ಲೇ ನಡೀತಿರೋ ಪ್ರತಿರಿ. ಕೋಡ್ ಅದೇ. ಎಸ್ಸೆಮ್ಮೆಸ್ ಮಾತ್ರ ಇವತ್ತು ತೋರಿಸಾಕ ಆಗೂದಿಲ್ಲ, ಒಟಿಪಿ ಪರದೆ ಮ್ಯಾಲ ಬರತೈತಿ.’

ಪರೀಕ್ಷಕರು ಫೋನು ಇಸಿದುಕೊಂಡು ಅವಳು ಆಗತಾನೆ ಬುಕ್ ಮಾಡಿದ ದಿನಕ್ಕೇ ಒತ್ತಿದರು. ಆಗುವುದಿಲ್ಲ ಎಂದು ಬಂತು. ‘ಇಬ್ಬರೂ ಒಂದೇ ಕ್ಷಣಕ್ಕೆ ಒತ್ತಿದರ?’ ಎಂದರು. ಅದಕ್ಕೆ ಉತ್ತರ ಪರದೆಯ ಪುಟದಲ್ಲಿರಲಿಲ್ಲ, ಡೇಟಾಬೇಸಿನ ಕಟ್ಟಳೆಯಲ್ಲಿತ್ತು. ಅವಳು ಆ ಕಡತ ತೆರೆದು `UNIQUE (tractor_id, work_date)` ಎಂಬ ಸಾಲಿನ ಮೇಲೆ ಬೆರಳಿಟ್ಟಳು. ಒಂದು ಟ್ರ್ಯಾಕ್ಟರಿಗೆ ಒಂದು ದಿನ ಒಂದೇ ಸಾಲು. ಎರಡನೆಯದು ಎಷ್ಟೇ ಬೇಗ ಬಂದರೂ ಡೇಟಾಬೇಸ್ ಅದನ್ನು ಒಳಗೆ ಬಿಡುವುದಿಲ್ಲ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು: ‘ಅರ್ಧ ದಿನಕ್ಕ ಬಾಡಿಗಿ ಬೇಕಂದ್ರ?’ ಅದಕ್ಕೆ ಅವರ ಬಳಿ ಉತ್ತರ ಇರಲಿಲ್ಲ. ಸಂಜೆ ಅಣ್ಣಿಗೇರಿಯ ಬಸ್ಸಿನಿಂದ ಅವಳು ಫೋನ್ ಮಾಡಿದ್ದು ಅದನ್ನು ಕೇಳಲಿಕ್ಕೇ.