ಮೂರು ಹಿಂಡಿಗೆ ಒಂದ ಕಡಾಯಿ

ನಮ್ಮ ನೆಗೆಣ್ಣಿ ಮನ್ಯಾಗ ಹಿಂಡಿ ಮಾಡಿ ಮಾರ್ತಾಳ್ರಿ. ಶೇಂಗಾ, ಅಗಸಿ, ಗುರೆಳ್ಳು, ಮೂರೂ ಎರಡೆರಡು ಕಿಲೋ. ಹೋದ ತಿಂಗಳು ಲೆಕ್ಕದ ವಹಿ ಹಿಡಕೊಂಡು ಬಂದು, "ಅಕ್ಕಾ, ಅಗಸಿ ಹಿಂಡಿ ಬಿಟ್ಟಬಿಡ್ತೀನಿ, ಅದರಾಗ ಲುಕ್ಸಾನ ಆಗ್ಲಿಕ್ಕತ್ತದ" ಅಂದ್ಲು. ಇಬ್ಬರೂ ಚಹಾ ಇಟ್ಟುಕೊಂಡು ಲೆಕ್ಕಕ್ಕ ಕೂತ್ವಿ.

ಮೊದಲು ಆಕಿ ದಿನಕ್ಕೊಂದು ಹಿಂಡಿ ಮಾಡ್ತಿದ್ಲು. ಪ್ಯಾಟಿಗೆ ಹೋಗಿ ಬರ್ಲಿಕ್ಕೆ ಆಟೋಕ್ಕ 60 ರೂಪಾಯಿ. ಕೈಗೆ ಬರೋ ಹುಡುಗಿಗೆ, ಕೆಲಸ ಎಷ್ಟ ಇರಲಿ, ಅರ್ಧ ದಿನದ ಕೂಲಿ 150. ಅಂದ್ರ ದಿನಕ್ಕ 210, ಮೂರು ದಿನಕ್ಕ 630. ಈಗ ಮೂರೂ ಒಂದ ದಿನ ಮಾಡ್ತಾಳ. ಆಟೋ ಒಂದ ಸಲ 60, ಇಡೀ ದಿನದ ಕೂಲಿ 300, ಒಟ್ಟು 360. ಉಳದದ್ದು 270, ಕಿಲೋಕ್ಕ 45 ರೂಪಾಯಿ.

ಇದು ಹ್ಯಾಂಗ ಉಳೀತದ ಅಂದ್ರ, ಮೂರಕ್ಕೂ ಬೆಳ್ಳುಳ್ಳಿ, ಜೀರಗಿ, ಕರಿಬೇವು, ಖಾರಪುಡಿ ಬೇಕ ಬೇಕು. ಬೆಳ್ಳುಳ್ಳಿ ಒಂದ ಸಲ ಸುಲೀತಾಳ, ಕಡಾಯಿ ಒಂದ ಸಲ ಕಾಯಸ್ತಾಳ. ಶೇಂಗಾದ ರೊಕ್ಕ ಮಾತ್ರ ಒಂದು ಪೈಸಾನೂ ಕಡಿಮಿ ಆಗಂಗಿಲ್ಲ. ಉಳಿಯೋದು ಮೂರೂ ಹಂಚಿಕೊಂಡದ್ದರಾಗ ಅಷ್ಟ. ಶೇಂಗಾ ಒಂದನ್ನ ಆರು ಕಿಲೋ ಮಾಡಿದ್ರೂ ಖರ್ಚು ಉಳೀತದ ಖರೆ, ಆದ್ರ ಅಷ್ಟು ಶೇಂಗಾ ಹಿಂಡಿ ಕೊಳ್ಳೋರು ಯಾರು? ಬ್ಯಾರೆ ಬ್ಯಾರೆ ಪದಾರ್ಥ ಕೂಡಿಸಿ ಮಾಡಿ ಉಳಿಸೋದಕ್ಕ ಎಕಾನಮೀಸ್ ಆಫ್ ಸ್ಕೋಪ್ ಅಂತಾರಂತ, ಬಿ.ಕಾಂ. ಓದೋ ನನ್ನ ಮಗಳು ಹೇಳಿದ್ಲು.

ಈಗ ಅಗಸಿ ಲುಕ್ಸಾನಿನ ಮಾತು. ಸಾಮಾನಿನ ಖರ್ಚು ಕಳದು ಅದರಾಗ 80 ರೂಪಾಯಿ ಉಳೀತದ. ಆಕಿ 360ನ್ನ ಮೂರು ಪಾಲು ಮಾಡಿ ಅಗಸಿ ಮ್ಯಾಲೆ 120 ಹಾಕಿದ್ಲು, ಅದಕ್ಕ 40 ಲುಕ್ಸಾನ ಕಂಡ್ತು. ನಾ ಕೇಳಿದೆ, "ಅಗಸಿ ಬಿಟ್ಟರ ಆಟೋ ಬಿಡ್ತದೇನು? ಎರಡು ಹಿಂಡಿ ಮಾಡೋದ್ರಾಗ ಮಧ್ಯಾಹ್ನ ದಾಟ್ತದ, ಹುಡುಗಿ 300 ಕೇಳಂಗಿಲ್ಲೇನು?" ಆ 360 ಹಾಂಗ ಉಳೀತದ, ಹೋಗೋದು 80 ರೂಪಾಯಿ ಲಾಭ ಅಷ್ಟ. ಆಕಿ ಸುಮ್ಮನ ವಹಿ ಮುಚ್ಚಿದ್ಲು.

ಆದ್ರ ಎಲ್ಲಾನೂ ಕೂಡಿಸಲಿಕ್ಕೆ ಬರಂಗಿಲ್ರಿ. ಒಮ್ಮೆ ಅದ ದಿನ ಸಂಡಿಗಿನೂ ಹಚ್ಚಿದ್ಲು. ಆಕಿ ಮಾಳಿಗಿ ಮ್ಯಾಲೆ, ಕಡಾಯಿಯೊಳಗ ಗುರೆಳ್ಳು. ಗುರೆಳ್ಳು ಕರೇದು, ಹೊತ್ತಿದ್ದು ಬಣ್ಣದಿಂದ ತಿಳಿಯಂಗಿಲ್ಲ, ವಾಸನಿ ನೋಡಬೇಕು. ಎರಡು ಕಿಲೋ ಕಹಿ ಆಗಿ ಚೆಲ್ಲಬೇಕಾತು. ಸಂಡಿಗಿಗೂ ಹಿಂಡಿಗೂ ಕೂಡಿ ಉಪಯೋಗ ಆಗೋದು ಏನೂ ಇರಲಿಲ್ಲ, ಆಕಿ ಎರಡು ಕೈ ಬಿಟ್ಟರ.

ಮಿಕ್ಸರ್‌ಗೂ ಒಂದು ಕ್ರಮ ಅದ. ಬೆಳ್ಳುಳ್ಳಿ ತಿನ್ನದವರದ್ದು ಎಲ್ಲಾಕಿಂತ ಮೊದಲು, ಆಮ್ಯಾಲೆ ಶೇಂಗಾ, ಅಗಸಿ, ಕಡೀಕ ಗುರೆಳ್ಳು. ಹಿಂಗ ಮಾಡಿದ್ರ ನಡುವ ಒಣ ಅರಿವಿಲೆ ಒರಸಿದ್ರ ಸಾಕು, ನೀರು ಬ್ಯಾಡ. ಹಿಂಡಿ ಪೂರ್ತಿ ಆರಿದ ಮ್ಯಾಲೇನ ಡಬ್ಬಿಗೆ ತುಂಬ್ರಿ. ಬಿಸಿ ಇದ್ದಾಗ ಮುಚ್ಚಿದ್ರ ಬೆವತು ಬೂಸ್ಟು ಹಿಡೀತದ, ಆಗ ಉಳದ 270 ಅಲ್ಲೇ ಹೋಗ್ತದ.