ಚುಕ್ಕೆಯೊಳಗೆ ಹೋದ ಹನ್ನೆರಡು ಗುಂಟೆ

ಔರಾದದಲ್ಲಿ ಒಂದು ಸರ್ಕಾರಿ ನೋಟಿಸನ್ನು ಒಬ್ಬರೇ ಪೂರ್ತಿ ಓದುವುದು ಅಪರೂಪ. ಅಜ್ಜ ಮರಾಠಿ ಶಾಲೆಯಲ್ಲಿ ಕಲಿತವರು, ಮಗ ಕನ್ನಡ ಶಾಲೆಗೆ ಹೋದವನು, ಮೊಮ್ಮಗಳು ಬೀದರಿನಲ್ಲಿ ಇಂಗ್ಲಿಷ್ ಮೀಡಿಯಂ. ಮನೆಯ ಪೆಟ್ಟಿಗೆ ತೆರೆದರೆ ನಿಜಾಮರ ಕಾಲದ ಉರ್ದು ಕಾಗದವೂ ಸಿಗುತ್ತದೆ. ಹೊಲ ಒಂದೇ, ಅದರ ಬಗ್ಗೆ ಬರೆದ ಭಾಷೆಗಳು ನಾಲ್ಕು. ನೋಟಿಸು ಬಂದಾಗ ಮಗ ಕನ್ನಡ ಓದುತ್ತಾನೆ, ಮೊಮ್ಮಗಳು ಇಂಗ್ಲಿಷ್ ಓದುತ್ತಾಳೆ, ಅಜ್ಜ ಇಬ್ಬರ ಮುಖ ನೋಡುತ್ತಾರೆ. ಎರಡೂ ಒಂದೇ ಮಾತು ಹೇಳುತ್ತಿವೆಯೇ ಎಂದು ಕೇಳುವವರು ಮಾತ್ರ ಯಾರೂ ಇರುವುದಿಲ್ಲ.

ನಾನು ಇದೇ ಊರಿನಲ್ಲಿ ಬಹಳ ವರ್ಷಗಳಿಂದ ಟೈಪಿಂಗ್ ಮತ್ತು ಡಿಟಿಪಿ ಕೆಲಸ ಮಾಡುತ್ತ ಬಂದವನು. ಮದುವೆ ಪತ್ರಿಕೆ, ಬಾಂಡ್ ಪೇಪರು, ಅರ್ಜಿ, ಅಫಿಡವಿಟ್ಟು, ನಡುನಡುವೆ ಕಚೇರಿಗಳ ನೋಟಿಸು. ನೋಟಿಸಿನ ಕನ್ನಡ ಪ್ರತಿ ಒಬ್ಬರು ಬರೆದಿರುತ್ತಾರೆ, ಇಂಗ್ಲಿಷ್ ಪ್ರತಿ ಇನ್ನೊಬ್ಬರು. ಎರಡೂ ಬೇರೆ ಬೇರೆ ಫೈಲುಗಳಾಗಿ ಒಂದೇ ಪೆನ್ ಡ್ರೈವಿನಲ್ಲಿ ಬರುತ್ತವೆ. ಜಮೀನು ಸ್ವಾಧೀನದ ಪ್ರಾಥಮಿಕ ಅಧಿಸೂಚನೆಯಾದರೆ, 2013ರ ಕಾಯ್ದೆಯ 11ನೇ ಕಲಮಿನ ಪ್ರಕಾರ ಅದು ರಾಜ್ಯಪತ್ರದಲ್ಲಿ ಬರಬೇಕು, ಆ ಭಾಗದಲ್ಲಿ ಓಡಾಡುವ ಎರಡು ದಿನಪತ್ರಿಕೆಗಳಲ್ಲಿ ಬರಬೇಕು, ಆ ಎರಡರಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಪಂಚಾಯಿತಿಯಲ್ಲಿ, ತಹಸೀಲಿಯಲ್ಲಿ ಸ್ಥಳೀಯ ಭಾಷೆಯಲ್ಲಿ ಅಂಟಿಸಬೇಕು. ಹಾಗಾಗಿ ಕನ್ನಡ ಒಂದು ಪತ್ರಿಕೆಗೆ, ಇಂಗ್ಲಿಷ್ ಇನ್ನೊಂದು ಪತ್ರಿಕೆಗೆ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಕಣ್ಣಿನ ಮುಂದೆ ಇಟ್ಟುಕೊಳ್ಳುವವನು ಬಹಳ ಸಲ ಟೈಪು ಮಾಡುವವನೊಬ್ಬನೇ.

ಕೆಲವು ಸಮಯದ ಹಿಂದೆ ಒಂದು ಕಚೇರಿಯಿಂದ ಇಂಥದೇ ಕೆಲಸ ಬಂತು. ಈ ಸಲ ಬೇಡಿಕೆ ಬೇರೆ. "ಎರಡೂ ಒಂದೇ ಹಾಳಿ ಮ್ಯಾಲ ಬರ್ಬೇಕ್ರಿ. ಎಡಕ್ಕ ಕನ್ನಡ, ಬಲಕ್ಕ ಇಂಗ್ಲಿಷ್," ಎಂದರು ಕಾಗದ ತಂದವರು.

ಇದನ್ನು ಕೇಳಿದ ಕೂಡಲೇ ಹೊಸಬರ ಕೈ ಹೋಗುವುದು ಪೇಪರಿನವರು ಬಳಸುವ ಕಾಲಂ ಸೌಲಭ್ಯದ ಕಡೆಗೆ. ಅದು ಇಲ್ಲಿ ನಡೆಯುವುದಿಲ್ಲ. ಪತ್ರಿಕೆಯ ಕಾಲಂ ಅಂದರೆ ಒಂದೇ ನೀರು ಎರಡು ಮಡಿಗಳಲ್ಲಿ ಹರಿದ ಹಾಗೆ. ಮೊದಲ ಮಡಿ ತುಂಬಿದ ಮೇಲೆ ಎರಡನೆಯದಕ್ಕೆ ಹೋಗುತ್ತದೆ. ಕನ್ನಡದಲ್ಲಿ ಒಂದು ಪದ ಸೇರಿಸಿದರೆ ಎಲ್ಲವೂ ಕೆಳಗೆ ಸರಿದು ಇಂಗ್ಲಿಷಿನ ತಲೆ ಕೆಡುತ್ತದೆ. ಎಂಟರ್ ಒತ್ತಿ ಒತ್ತಿ ಸರಿದೂಗಿಸಿದವರಿದ್ದಾರೆ. ಬೇರೆ ಪ್ರಿಂಟರಿಗೆ, ಬೇರೆ ಕಂಪ್ಯೂಟರಿಗೆ ಹೋದ ದಿನ ಅದೆಲ್ಲ ಕದಡಿರುತ್ತದೆ.

ಇಲ್ಲಿ ಬೇಕಾದದ್ದು ಟೇಬಲ್. ಒಂದು ಪ್ಯಾರಾಕ್ಕೆ ಒಂದು ಅಡ್ಡಸಾಲು. ಎಡದ ಖಾನೆಯಲ್ಲಿ ಕನ್ನಡ ಪ್ಯಾರಾ, ಅದರ ಎದುರಿನ ಖಾನೆಯಲ್ಲಿ ಇಂಗ್ಲಿಷ್ ಪ್ಯಾರಾ. ಎರಡರಲ್ಲಿ ಯಾವುದು ಉದ್ದವೋ ಅದಕ್ಕೆ ತಕ್ಕಂತೆ ಸಾಲು ಎತ್ತರವಾಗುತ್ತದೆ, ಮುಂದಿನ ಪ್ಯಾರಾ ಎರಡೂ ಕಡೆ ಒಂದೇ ಮಟ್ಟದಲ್ಲಿ ಶುರುವಾಗುತ್ತದೆ. ಬೇಡದ ಗೆರೆಗಳನ್ನು ತೆಗೆದು ನಡುವಿನ ಒಂದು ತೆಳು ಗೆರೆ ಮಾತ್ರ ಉಳಿಸಿದರೆ ಅದು ಟೇಬಲ್ ಎಂದೂ ಗೊತ್ತಾಗುವುದಿಲ್ಲ. ನಾನು ಬಳಸುವ ಲಿಬ್ರೆಆಫೀಸಿನಲ್ಲಿ `Allow row to break across pages and columns` ಎಂಬುದರ ಟಿಕ್ಕು ತೆಗೆಯುತ್ತೇನೆ. ಇಲ್ಲದಿದ್ದರೆ ಪುಟದ ಕೊನೆಯಲ್ಲಿ ಇಂಗ್ಲಿಷ್ ಮುಗಿದಿರುತ್ತದೆ, ಕನ್ನಡದ ಬಾಲ ಮಾತ್ರ ಮುಂದಿನ ಪುಟಕ್ಕೆ ಹೋಗುತ್ತದೆ.

ವಾಕ್ಯಕ್ಕೆ ವಾಕ್ಯ ಎದುರುಬದುರು ಇಡಬಾರದೇ ಎಂದು ಕೇಳುವವರಿದ್ದಾರೆ. ಅದು ಆಗದ ಮಾತು. ಇಂಗ್ಲಿಷಿನಲ್ಲಿ ಯಾರು, ಏನು ಮಾಡಬಹುದು ಎಂಬುದು ಮೊದಲು ಬಂದು, ಷರತ್ತುಗಳು ಬಾಲದಂತೆ ಹಿಂದೆ ಬರುತ್ತವೆ. ಕನ್ನಡದಲ್ಲಿ ಷರತ್ತೆಲ್ಲ ಮೊದಲು, ಕ್ರಿಯಾಪದ ಕೊನೆಗೆ. 'ಪ್ರಕಟಣೆಯ ದಿನದಿಂದ ಇಷ್ಟು ದಿನಗಳೊಳಗೆ, ಲಿಖಿತವಾಗಿ, ಆಕ್ಷೇಪಣೆ ಸಲ್ಲಿಸಬಹುದು' ಎಂಬಲ್ಲಿ ಕೊನೆಯ 'ಬಹುದು' ಇಂಗ್ಲಿಷ್ ವಾಕ್ಯದ ಆರಂಭದಲ್ಲೇ ಕೂತಿರುತ್ತದೆ. ಉದ್ದದ ಒಂದು ಇಂಗ್ಲಿಷ್ ವಾಕ್ಯ ಕನ್ನಡದಲ್ಲಿ ಎರಡಾಗುವುದೂ ಉಂಟು. ಆದ್ದರಿಂದ ಜೋಡಿಸುವ ಘಟಕ ವಾಕ್ಯವಲ್ಲ, ಪ್ಯಾರಾ. ಒಂದು ಪ್ಯಾರಾದಲ್ಲಿ ಒಂದೇ ವಿಷಯ ಇರುವಂತೆ ಮೊದಲು ಒಡೆದುಕೊಂಡರೆ ಉಳಿದ ಕೆಲಸ ಸಲೀಸು.

ಕ್ರಮಸಂಖ್ಯೆಯದು ಬೇರೆಯೇ ಫಜೀತಿ. ಯಂತ್ರವೇ ಸಂಖ್ಯೆ ಹಾಕಲಿ ಎಂದು ಎರಡೂ ಕಾಲಮಿಗೆ ಒಂದೇ ಪಟ್ಟಿ ಕೊಟ್ಟರೆ, ಅದು ಎಡದಿಂದ ಬಲಕ್ಕೆ ಎಣಿಸುತ್ತದೆ. ಕನ್ನಡ 1, 3, 5 ಆಗುತ್ತದೆ, ಇಂಗ್ಲಿಷ್ 2, 4, 6. ನಾನು ಮೂರನೆಯ ಒಂದು ಕಾಲಮನ್ನು, ಒಂದು ಸೆಂಟಿಮೀಟರು ಅಗಲದ್ದು, ನಡುವೆ ಇಟ್ಟು ಸಂಖ್ಯೆಯನ್ನು ಅಲ್ಲೊಂದೇ ಸಲ ಹಾಕುತ್ತೇನೆ. ಎ4 ಹಾಳೆಯಲ್ಲಿ ಅಂಚು ಬಿಟ್ಟು ಉಳಿಯುವ 17 ಸೆಂಟಿಮೀಟರಿನಲ್ಲಿ ಕನ್ನಡಕ್ಕೆ ಎಂಟೂವರೆ, ಇಂಗ್ಲಿಷಿಗೆ ಏಳೂವರೆ. 'ಭೂಸ್ವಾಧೀನಾಧಿಕಾರಿಯವರಿಗೆ' ಎಂಬಂಥ ಪದ ಇಕ್ಕಟ್ಟಾದ ಕಾಲಮಿನಲ್ಲಿ ಮುರಿಯುವುದಿಲ್ಲ. ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಹಳ್ಳ ಬೀಳುತ್ತದೆ, ಅದಕ್ಕೆ ಎಡ ಅಂಚು ಮಾತ್ರ ಸಮ. ಎರಡು ಕಡೆಯ ಸಾಲುಗಳು ಒಂದೇ ಮಟ್ಟದಲ್ಲಿ ಕಾಣಲೆಂದು ಸಾಲಿನ ಎತ್ತರವನ್ನು ಬಿಗಿಯಾಗಿ ನಿಗದಿ ಮಾಡಿದರೆ 'ರಾಷ್ಟ್ರ'ದಂಥ ಪದಗಳ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. ಪ್ಯಾರಾದ ತಲೆ ಕೂಡಿದರೆ ಸಾಕು, ಸಾಲುಗಳು ಕೂಡಬೇಕಿಲ್ಲ.

ಆ ಕನ್ನಡ ಫೈಲು ಹಳೆಯ ನುಡಿ ಅಕ್ಷರದಲ್ಲಿತ್ತು. ಅದರಲ್ಲಿ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ಯೂನಿಕೋಡಿಗೆ ತಿರುಗಿಸಿಯೇ ಟೇಬಲಿಗೆ ತರಬೇಕು. ಮೊದಲು ಕೂಡಿಸಿ ಆಮೇಲೆ ಇಡೀ ಫೈಲನ್ನು ತಿರುಗಿಸಿದರೆ ಪಕ್ಕದ ಇಂಗ್ಲಿಷೂ ಅರ್ಥವಿಲ್ಲದ ಕನ್ನಡವಾಗುತ್ತದೆ.

ಇಷ್ಟೆಲ್ಲ ಮಾಡಿ ಪ್ಯಾರಾಗಳನ್ನು ಖಾನೆಗೆ ಹಾಕುತ್ತ ಬಂದೆ. ಕನ್ನಡದಲ್ಲಿ ಏಳು ಪ್ಯಾರಾ, ಇಂಗ್ಲಿಷಿನಲ್ಲಿ ಒಂಬತ್ತು. ಕೊನೆಯಲ್ಲಿ ಎರಡು ಉಳಿದಿವೆ ಎಂದು ಹಾಗೇ ಕೆಳಗಿಡುವಂತಿಲ್ಲ, ಯಾವುದರ ಎದುರು ಯಾವುದು ಎಂದು ಹುಡುಕಲೇಬೇಕು. ಹುಡುಕಿದಾಗ ಏಳನೆಯ ಸಾಲಿನಲ್ಲಿ ಎಡದ ಖಾನೆ ಖಾಲಿ ನಿಂತಿತು. ಬಲಕ್ಕೆ ಇದ್ದದ್ದು, ಆಕ್ಷೇಪಣೆ ಹಾಕಿದವರಿಗೆ ಖುದ್ದಾಗಿ ಬಂದು ಹೇಳಿಕೊಳ್ಳುವ ಅವಕಾಶ ಕೊಡಲಾಗುವುದು ಎಂಬ ಮಾತು. ಕನ್ನಡ ಮಾತ್ರ ಓದುವವನಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಫೈಲುಗಳು ಬೇರೆ ಬೇರೆ ಇದ್ದಾಗ ಎರಡೂ ತುಂಬಿದ ಹಾಗೆಯೇ ಕಾಣುತ್ತಿದ್ದವು. ಬಿಟ್ಟುಹೋದದ್ದಕ್ಕೆ ಜೋಡಿ ಕಾಲಮಿನಲ್ಲಿ ಮಾತ್ರ ಒಂದು ಆಕಾರ ಬರುತ್ತದೆ.

ಅದರ ಹಿಂದಿನ ಸಾಲಿನಲ್ಲಿ ಎರಡೂ ಖಾನೆ ತುಂಬಿದ್ದವು. ಆದರೆ ಕನ್ನಡದಲ್ಲಿ ಆಕ್ಷೇಪಣೆಗೆ 30 ದಿನ, ಇಂಗ್ಲಿಷಿನಲ್ಲಿ 60 ದಿನ. ಇದು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. 1894ರ ಹಳೆಯ ಭೂಸ್ವಾಧೀನ ಕಾಯ್ದೆಯ 5ಎ ಕಲಮಿನಲ್ಲಿ ಗಡುವು 30 ದಿನ ಇತ್ತು. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯ 15ನೇ ಕಲಮಿನಲ್ಲಿ ಅದು 60 ದಿನ. ಇಂಗ್ಲಿಷ್ ಪ್ರತಿಯನ್ನು ಹೊಸ ಕಾಯ್ದೆ ನೋಡಿ ಬರೆದಿದ್ದಾರೆ, ಕನ್ನಡ ಪ್ರತಿಯನ್ನು ಹಳೆಯ ನೋಟಿಸಿನ ಮೇಲೆ ಹೆಸರು, ತಾರೀಖು ಬದಲಿಸಿ ಮಾಡಿದ್ದಾರೆ. ನಲವತ್ತನೆಯ ದಿನ ಅರ್ಜಿ ಹಿಡಿದು ಹೊರಟ ರೈತ, ಕನ್ನಡ ನೋಟಿಸು ನೋಡಿ ಮುದ್ದತು ಮುಗಿದಿದೆ ಎಂದು ಮನೆಗೆ ತಿರುಗುತ್ತಾನೆ. ಕಾಯ್ದೆಯ ಲೆಕ್ಕದಲ್ಲಿ ಅವನಿಗೆ ಇನ್ನೂ ಇಪ್ಪತ್ತು ದಿನ ಉಳಿದಿರುತ್ತದೆ.

ಮೂರನೆಯದು ನನ್ನ ಕಣ್ಣಿಗೆ ಬೀಳುವಂಥದಾಗಿರಲಿಲ್ಲ. ಜಮೀನಿನ ಪಟ್ಟಿಯಲ್ಲಿ ಎರಡು ಸರ್ವೆ ನಂಬರು. ಕನ್ನಡದಲ್ಲಿ 2-20 ಮತ್ತು 1-25. ಇಂಗ್ಲಿಷಿನಲ್ಲಿ 2.20 ಮತ್ತು 1.25. ಅಂಕಿಗಳು ಅವೇ, ಎದುರುಬದುರು ನೆಟ್ಟಗೆ ಕೂತಿವೆ. ಇಂಥ ಕಡೆ ಜೋಡಿ ಕಾಲಂ ಕಣ್ಣಿಗೆ ಸುಳ್ಳು ಸಮಾಧಾನವನ್ನೂ ಕೊಡುತ್ತದೆ. ಆದರೆ ನಮ್ಮಲ್ಲಿ ಒಂದು ರೂಢಿಯಿದೆ. ಟೇಬಲ್ ಆದ ಮೇಲೆ ನಾನು ಕನ್ನಡದ ಕಡೆ, ಅಣ್ಣನ ಮಗ ಇಂಗ್ಲಿಷಿನ ಕಡೆ ಕೂತು ಒಂದೊಂದೇ ಖಾನೆ ಗಟ್ಟಿಯಾಗಿ ಓದುತ್ತೇವೆ, ಅಂಕಿಯನ್ನು ಮಾತಿನಲ್ಲಿ ಬಿಡಿಸಿ ಹೇಳುತ್ತೇವೆ. ನಾನು "ಎರಡು ಎಕರೆ ಇಪ್ಪತ್ತು ಗುಂಟೆ" ಎಂದೆ. ಅವನು "ಎರಡು ಪಾಯಿಂಟ್ ಎರಡು ಸೊನ್ನೆ ಎಕರೆ" ಎಂದ. ಇಬ್ಬರೂ ನಿಂತೆವು.

ಎಕರೆಗೆ 40 ಗುಂಟೆ. ಇಪ್ಪತ್ತು ಗುಂಟೆ ಅಂದರೆ ಅರ್ಧ ಎಕರೆ, ಚುಕ್ಕೆಯ ಲೆಕ್ಕದಲ್ಲಿ 2.50 ಆಗಬೇಕು. 2.20 ಅಂದರೆ ಎರಡು ಎಕರೆಯ ಮೇಲೆ ಎಂಟೇ ಗುಂಟೆ. ಅಡ್ಡಗೆರೆ ಚುಕ್ಕೆಯಾದದ್ದರಲ್ಲಿ ಹನ್ನೆರಡು ಗುಂಟೆ ಹೋಯಿತು. ಗುಂಟೆಗೆ 1,089 ಚದರಡಿಯಂತೆ ಅದು 13,068 ಚದರಡಿ. ಮುಂದೆ ಅಳತೆಯಲ್ಲಿ ಸರಿಯಾಗಬಹುದು, ಆದರೆ ಅಲ್ಲಿಯವರೆಗೆ ಎರಡು ಕಾಗದ ಹಿಡಿದು ಅಲೆಯುವವನು ಹೊಲದವನು.

"ಕಾಕಾ, ಟೋಟಲ್ ನೋಡ್ರಿ," ಎಂದ ಹುಡುಗ. ಕನ್ನಡದಲ್ಲಿ ಒಟ್ಟು 4-05. ಇಪ್ಪತ್ತು ಮತ್ತು ಇಪ್ಪತ್ತೈದು ಸೇರಿ ನಲವತ್ತೈದು ಗುಂಟೆ, ಅದರಲ್ಲಿ ನಲವತ್ತು ಎಕರೆಗೆ ಏರಿ ಐದು ಉಳಿಯಿತು, ಸರಿಯಾಗಿದೆ. ಇಂಗ್ಲಿಷಿನಲ್ಲಿ ಒಟ್ಟು 3.45. ಇರಬೇಕಾದದ್ದು 2.50 ಮತ್ತು 1.625 ಸೇರಿ 4.125. ಅಂದಿನಿಂದ ಎಕರೆಯ ಪಟ್ಟಿ ಬಂದಾಗಲೆಲ್ಲ ನಾವು ಚುಕ್ಕೆಯ ಮುಂದಿನ ಅಂಕಿಗಳ ಮೇಲೆ ಬೆರಳಾಡಿಸುತ್ತೇವೆ. ಉದ್ದದ ಪಟ್ಟಿಯಲ್ಲಿ ಎಲ್ಲೂ 39 ದಾಟದಿದ್ದರೆ ಅದು ದಶಮಾಂಶವಲ್ಲ, ಚುಕ್ಕೆಯ ವೇಷದಲ್ಲಿರುವ ಗುಂಟೆ.

ಕೆನಡಾದಲ್ಲಿ ಒಕ್ಕೂಟ ಸರ್ಕಾರದ ಕಾಯ್ದೆಗಳನ್ನು ಇಂಗ್ಲಿಷ್ ಮತ್ತು ಫ್ರೆಂಚಿನಲ್ಲಿ ಹೀಗೆಯೇ ಪಕ್ಕಪಕ್ಕದ ಕಾಲಮಿನಲ್ಲಿ ಅಚ್ಚು ಹಾಕುತ್ತಾರೆ. ಅಲ್ಲಿ ಎರಡೂ ಪಾಠಗಳಿಗೆ ಸಮಾನ ಅಧಿಕಾರ, ಒಂದು ಇನ್ನೊಂದರ ಅನುವಾದವೆಂದು ತಳ್ಳಿಹಾಕುವಂತಿಲ್ಲ. ನಮ್ಮ ನೋಟಿಸಿನ ಕೊನೆಯಲ್ಲಿ, ಎರಡರಲ್ಲಿ ವ್ಯತ್ಯಾಸ ಕಂಡುಬಂದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ಮಾತಿತ್ತು, ಅದೂ ಇಂಗ್ಲಿಷಿನಲ್ಲಿ ಮಾತ್ರ. ಎಡದ ಖಾನೆ ಅಲ್ಲಿಯೂ ಖಾಲಿ. ಖಾಲಿ ಖಾನೆಗಳನ್ನು ತುಂಬುವ ಅಧಿಕಾರ ಟೈಪು ಮಾಡುವವನಿಗಿಲ್ಲ. ಮೂರು ಕಡೆ ಹಳದಿ ಬಣ್ಣ ಹಚ್ಚಿ, ಈ ಕೊನೆಯ ಸಾಲಿಗೂ ಹಚ್ಚಿ, ಪ್ರಿಂಟು ತೆಗೆದು ಕಾಗದ ತಂದವರ ಕೈಗೆ ಕೊಟ್ಟೆ.

ಅವರು ನಿಂತಲ್ಲೇ ಓದಿದರು. "ಇಷ್ಟು ದಿನ ಎರಡೂ ಬ್ಯಾರೆ ಬ್ಯಾರೆ ಕೊಡ್ತಿದ್ವಿ ನೋಡ್ರಿ," ಎಂದು ಹಾಳೆ ಮಡಚಿಕೊಂಡು ಹೋದರು. ನಾಲ್ಕು ದಿನದ ಮೇಲೆ ತಿದ್ದಿದ ಪ್ರತಿ ಬಂತು. 60 ದಿನ, ಖುದ್ದು ವಿಚಾರಣೆ, 2 ಎಕರೆ 20 ಗುಂಟೆ ಎಂದು ಎರಡೂ ಕಡೆ ಅಕ್ಷರದಲ್ಲಿ. ಕೊನೆಯ ಸಾಲನ್ನು ಅವರು ತೆಗೆದಿರಲಿಲ್ಲ. ಅದರ ಎದುರಿನ ಖಾನೆಯಲ್ಲಿ ಮಾತ್ರ ಅದೇ ಮಾತು ಕನ್ನಡದಲ್ಲಿ ಬಂದಿತ್ತು.